ತಿಂಗಳ ಮಾರಾಟ ವರದಿ: ಎಕ್ಸೆಲ್ ಕಡತ, ಉದ್ದನೆಯ ಪತ್ರ, ಮೂರು ಅಂಶಗಳ ಇಮೇಲ್

ಚಿಕ್ಕಮಗಳೂರಿನ ಒಂದು ಕಾಫಿಪುಡಿ ತಯಾರಿಕಾ ಘಟಕದಲ್ಲಿ ಮಾರಾಟದ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಪ್ರತಿ ತಿಂಗಳ ಮೊದಲ ವಾರದಲ್ಲಿ ಯಜಮಾನರಿಗೂ ಇಬ್ಬರು ಪಾಲುದಾರರಿಗೂ ಮಾರಾಟದ ವರದಿ ಕಳುಹಿಸಬೇಕು. 2025ರ ಏಪ್ರಿಲ್‌ನಿಂದ ಈ ವರದಿಯನ್ನು ಮೂರು ರೀತಿಯಲ್ಲಿ ಕಳುಹಿಸಿ ನೋಡಿದ್ದೇನೆ. ಯಾವುದಕ್ಕೆ ಉತ್ತರ ಬೇಗ ಬಂತು, ಯಾವುದರಿಂದ ತಪ್ಪು ತೀರ್ಮಾನವಾಯಿತು ಎಂಬುದನ್ನು ಆಯಾ ತಿಂಗಳೇ ಬರೆದಿಟ್ಟುಕೊಂಡಿದ್ದರಿಂದ ಈ ಹೋಲಿಕೆ ಸಾಧ್ಯವಾಗಿದೆ.

ಮೊದಲ ಮೂರು ತಿಂಗಳು ಏಳು ಹಾಳೆಗಳ ಎಕ್ಸೆಲ್ ಕಡತವನ್ನು ಲಗತ್ತಿಸಿ, "ವರದಿ ಲಗತ್ತಿಸಿದೆ, ದಯವಿಟ್ಟು ಪರಿಶೀಲಿಸಿ" ಎಂಬ ಒಂದೇ ಸಾಲು ಬರೆಯುತ್ತಿದ್ದೆ. ಯಜಮಾನರು ವಾರದಲ್ಲಿ ನಾಲ್ಕು ದಿನ ಮೂಡಿಗೆರೆ ಕಡೆಯ ತೋಟದಲ್ಲಿರುವುದರಿಂದ ಕಡತವನ್ನು ಮೊಬೈಲಿನಲ್ಲಿಯೇ ತೆರೆಯುತ್ತಾರೆ. ಕಡತ ತೆರೆದುಕೊಳ್ಳುವುದು ನಾನು ಕೊನೆಯದಾಗಿ ಯಾವ ಹಾಳೆಯಲ್ಲಿದ್ದು ಉಳಿಸಿದ್ದೆನೋ ಆ ಹಾಳೆಯಲ್ಲಿ. ಜೂನ್ ವರದಿಯಲ್ಲಿ ಇದರಿಂದಲೇ ದೊಡ್ಡ ತಪ್ಪಾಯಿತು. ಕಡೂರು–ಅರಸೀಕೆರೆ ಮಾರ್ಗವನ್ನು ಬಿಟ್ಟು ಉಳಿದದ್ದನ್ನು ನೋಡಲು ಹಾಕಿದ್ದ ಫಿಲ್ಟರ್ ತೆಗೆಯುವುದನ್ನು ಮರೆತು ಕಡತವನ್ನು ಉಳಿಸಿದ್ದೆ. ಒಟ್ಟು ಮೊತ್ತದ ಕೋಶದಲ್ಲಿ ಇದ್ದ ಸೂತ್ರ ಹೀಗಿತ್ತು:

```
=SUBTOTAL(9,F2:F640)
```

ಈ ಸೂತ್ರ ಫಿಲ್ಟರ್‌ನಿಂದ ಮರೆಯಾದ ಸಾಲುಗಳನ್ನು ಕೂಡುವುದಿಲ್ಲ. ನಿಜವಾದ ಮಾರಾಟ 15.8 ಟನ್ ಆಗಿದ್ದರೂ ಯಜಮಾನರಿಗೆ ಕಂಡದ್ದು 12.5 ಟನ್. ಮಾರಾಟ ಬಿದ್ದಿದೆ ಎಂದು ಭಾವಿಸಿ ಅವರು ಹಸಿ ಬೀಜದ ಖರೀದಿಯನ್ನು ಎರಡು ದಿನ ತಡೆದರು. ಇಮೇಲಿನಲ್ಲಿಯೇ "ಜೂನ್ ಮಾರಾಟ 15.8 ಟನ್" ಎಂದು ಬರೆದಿದ್ದರೆ ಎರಡು ಅಂಕಿಗಳು ತಾಳೆಯಾಗದಿರುವುದು ಅವರಿಗೆ ಕೂಡಲೇ ಕಾಣುತ್ತಿತ್ತು.

ಜುಲೈ ಮತ್ತು ಆಗಸ್ಟ್‌ನಲ್ಲಿ ಅದಕ್ಕೆ ವಿರುದ್ಧವಾದ ದಾರಿ ಹಿಡಿದು, ಎಲ್ಲವನ್ನೂ ಇಮೇಲಿನ ಒಳಗೇ ಬರೆದೆ. ಹದಿನಾಲ್ಕು ಅಂಶಗಳು, ನಡುವೆ ಎರಡು ಕೋಷ್ಟಕಗಳು. ಮೊಬೈಲಿನಲ್ಲಿ ಕೋಷ್ಟಕದ ಕಾಲಂಗಳು ಒಂದರ ಕೆಳಗೊಂದು ಬಿದ್ದು, ಯಾವ ಅಂಕಿ ಯಾವ ಊರಿನದು ಎಂದು ತಿಳಿಯದಂತಾಯಿತು. ಅದಕ್ಕಿಂತ ಹೆಚ್ಚಿನ ತೊಂದರೆಯೆಂದರೆ, ಓದಿದವರು ತಮಗೆ ಪರಿಚಿತವಾದ ಅಂಶವನ್ನಷ್ಟೇ ಹಿಡಿದುಕೊಂಡರು. ಜುಲೈನಲ್ಲಿ ಬಂದ ಮೂರು ಉತ್ತರಗಳೂ ಹನ್ನೊಂದನೆಯ ಅಂಶವಾದ ವಾಹನದ ಡೀಸೆಲ್ ಖರ್ಚಿನ ಬಗ್ಗೆಯೇ ಇದ್ದವು. ತೀರ್ಮಾನ ಬೇಕಾಗಿದ್ದ ನಾಲ್ಕನೆಯ ಅಂಶವನ್ನು ಯಾರೂ ಮುಟ್ಟಲಿಲ್ಲ.

ಸೆಪ್ಟೆಂಬರ್‌ನಿಂದ ನಾನು ಅನುಸರಿಸುತ್ತಿರುವುದು ಮೂರನೆಯ ಕ್ರಮ: ಇಮೇಲಿನಲ್ಲಿ ಒಟ್ಟು ಮಾರಾಟದ ಒಂದು ಸಾಲು, ಮೂರು ಮುಖ್ಯ ಅಂಶಗಳು, ಒಂದೇ ಶಿಫಾರಸು, ವಿವರವೆಲ್ಲ ಲಗತ್ತಿನಲ್ಲಿ. ಇದೇ ಉತ್ತಮವೆಂದು ನಾನು ಖಚಿತವಾಗಿ ಹೇಳಬಲ್ಲೆ. ಆದರೆ ಇದರ ಶ್ರಮ ಬರೆಯುವುದಕ್ಕಿಂತ ಅಂಶಗಳನ್ನು ಆರಿಸುವುದರಲ್ಲಿದೆ ಎಂಬುದು ಅಕ್ಟೋಬರ್ ವರದಿಯಲ್ಲಿ ಚೆನ್ನಾಗಿ ಅರಿವಾಯಿತು.

ಅಕ್ಟೋಬರ್ 2025ರ ಒಟ್ಟು ಮಾರಾಟ 18.6 ಟನ್, ಹಿಂದಿನ ವರ್ಷದ ಅಕ್ಟೋಬರ್‌ನಲ್ಲಿ 17.1 ಟನ್. ಒಂದೂವರೆ ಟನ್ ಏರಿಕೆ ಎಂದು ಬರೆದು ಮುಗಿಸಿದ್ದರೆ ಎಲ್ಲರಿಗೂ ಸಂತೋಷವಾಗುತ್ತಿತ್ತು. ಮಾರ್ಗವಾರು ಬಿಡಿಸಿ ನೋಡಿದಾಗ ಹಾಸನ ಮಾರ್ಗ 3.4ರಿಂದ 4.9 ಟನ್‌ಗೆ ಏರಿತ್ತು, ಉಳಿದ ಮಾರ್ಗಗಳೆಲ್ಲ ಸೇರಿ ಎರಡೂ ವರ್ಷ 13.7 ಟನ್‌ನಲ್ಲೇ ನಿಂತಿದ್ದವು. ಬಿಲ್ಲಿನ ತಾರೀಖುಗಳನ್ನು ವಾರವಾರಕ್ಕೆ ಜೋಡಿಸಿದಾಗ ಹಾಸನದ ಹೆಚ್ಚುವರಿ ಮಾರಾಟವೆಲ್ಲ ಹಾಸನಾಂಬೆಯ ದರ್ಶನದ ದಿನಗಳಲ್ಲಿ, ಹೋಟೆಲುಗಳಿಗೆ ಹೋದ ಐದು ಕೆಜಿ ಚೀಲಗಳಲ್ಲೇ ಇತ್ತು. 2024ರಲ್ಲಿ ದೇವಸ್ಥಾನದ ಬಾಗಿಲು ಅಕ್ಟೋಬರ್ ಕೊನೆಯಲ್ಲಿ ತೆರೆದು, ದರ್ಶನದ ಒಂದಷ್ಟು ದಿನಗಳು ನವೆಂಬರ್‌ಗೆ ಹೋಗಿದ್ದವು. 2025ರಲ್ಲಿ ದರ್ಶನವೆಲ್ಲ ಅಕ್ಟೋಬರ್‌ನಲ್ಲೇ ಮುಗಿಯಿತು. ಪಂಚಾಂಗದ ಪ್ರಕಾರ ನಡೆಯುವ ಹಬ್ಬವನ್ನು ಇಂಗ್ಲಿಷ್ ತಿಂಗಳಿನೊಡನೆ ಹೋಲಿಸುವಾಗ ಈ ಮೋಸ ಪ್ರತಿ ವರ್ಷವೂ ಕಾದಿರುತ್ತದೆ.

ಕಳುಹಿಸಿದ ಇಮೇಲಿನ ಒಕ್ಕಣೆ ಇದು:

"ವಿಷಯ: ಅಕ್ಟೋಬರ್ ಮಾರಾಟ 18.6 ಟನ್, ಹಾಸನದ ನವೆಂಬರ್ ಗುರಿಗೆ 5ರೊಳಗೆ ಒಪ್ಪಿಗೆ ಬೇಕು.

ಮಾನ್ಯರೇ, ಅಕ್ಟೋಬರ್ ಮಾರಾಟ 18.6 ಟನ್ (ಕಳೆದ ಅಕ್ಟೋಬರ್ 17.1).

1. ಏರಿಕೆಯ 1.5 ಟನ್ ಪೂರ್ತಿ ಹಾಸನ ಮಾರ್ಗದ್ದು, ದರ್ಶನದ ದಿನಗಳದ್ದು. ಉಳಿದೆಡೆ ಏರಿಕೆಯಿಲ್ಲ.

2. ಕಡೂರು–ಅರಸೀಕೆರೆ ಅಂಗಡಿಗಳಲ್ಲಿ ತೂಕ 3.3 ಟನ್ ಹಾಗೆಯೇ ಇದೆ. ಆದರೆ ಸೆಪ್ಟೆಂಬರ್‌ನಲ್ಲಿ ನಾವು ದರ ಏರಿಸಿದ ಮೇಲೆ 600 ಕೆಜಿಯಷ್ಟು ಬೇಡಿಕೆ 80:20 ಮಿಶ್ರಣದಿಂದ ಹೆಚ್ಚು ಚಿಕೋರಿಯ 60:40ಕ್ಕೆ ಸರಿದಿದೆ. ಕೆಜಿಗೆ 25 ರೂಪಾಯಿ ಲಾಭ ಕಡಿಮೆಯಾಗಿ ತಿಂಗಳಿಗೆ 15,000 ರೂಪಾಯಿ ಕೊರತೆ.

3. ಹಾಸನದ ಒಂಬತ್ತು ಹೋಟೆಲುಗಳ 5.2 ಲಕ್ಷ ರೂಪಾಯಿ ಬಾಕಿ ಹದಿನೈದು ದಿನದ ಗಡುವು ಮೀರಿದೆ.

ಶಿಫಾರಸು: ನವೆಂಬರ್‌ಗೆ ಹಾಸನ ಮಾರ್ಗದ ಪುಡಿ ತಯಾರಿಕೆಯನ್ನು 4.9ರ ಬದಲು 3.5 ಟನ್‌ಗೆ ನಿಗದಿಪಡಿಸಲು 5ನೇ ತಾರೀಖಿನೊಳಗೆ ಒಪ್ಪಿಗೆ ಕೊಡಬೇಕೆಂದು ಕೋರುತ್ತೇನೆ. ಮಾರ್ಗವಾರು ವಿವರ ಲಗತ್ತಿನ ಮೊದಲ ಹಾಳೆಯಲ್ಲಿದೆ."

ಅಂದು ಸಂಜೆಯೇ ಯಜಮಾನರಿಂದ "ಆಗಲಿ, 3.5 ಮಾಡಿ" ಎಂಬ ಉತ್ತರ ಬಂತು. ಪುಡಿ ಮಾಡಿಟ್ಟ ಕಾಫಿಯ ಪರಿಮಳ ದಿನ ಕಳೆದಂತೆ ಇಳಿಯುವುದರಿಂದ, ಮಾರಾಟವಾಗದ ಒಂದು ಟನ್‌ಗಿಂತ ಹೆಚ್ಚಿನ ಪುಡಿ ಗೋದಾಮಿನಲ್ಲಿ ಉಳಿಯುವ ಅಪಾಯ ಇದರಿಂದ ತಪ್ಪಿತು.

ಪ್ರತಿ ಅಂಶದಲ್ಲಿ ಅಂಕಿ, ಯಾವುದಕ್ಕೆ ಹೋಲಿಸಿದ್ದು, ಕಾರಣ ಅಥವಾ ಪರಿಣಾಮ ಇವಿಷ್ಟನ್ನು ಇರಿಸುತ್ತೇನೆ. "ಹಾಸನದಲ್ಲಿ ಶೇ 44 ಏರಿಕೆ" ಎಂದಷ್ಟೇ ಬರೆದರೆ ಅದು ಲೆಕ್ಕ ಮಾತ್ರ. ಆ ಏರಿಕೆ ಮುಂದಿನ ತಿಂಗಳು ನಿಲ್ಲುತ್ತದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಶಿಫಾರಸು ಒಂದೇ ಇರಬೇಕೆಂಬುದನ್ನು ಸೆಪ್ಟೆಂಬರ್‌ನಲ್ಲಿ ಕಲಿತೆ. ಅಂದು ಬಾಕಿ ವಸೂಲಿಗೆ ಒಬ್ಬರನ್ನು ನೇಮಿಸಬೇಕೆಂದೂ ಅಂಗಡಿಗಳಿಗೆ ಹೊಸ ಬೋರ್ಡು ಕೊಡಬೇಕೆಂದೂ ಎರಡು ಕೋರಿಕೆ ಇಟ್ಟಿದ್ದೆ. ಬೋರ್ಡಿಗೆ ತಕ್ಷಣ ಒಪ್ಪಿಗೆ ಸಿಕ್ಕಿತು, ವಸೂಲಿಯ ವಿಚಾರ "ಆಮೇಲೆ ನೋಡೋಣ" ಎಂದು ಹಿಂದೆ ಬಿತ್ತು. ಅಕ್ಟೋಬರ್‌ನ ಮೂರನೆಯ ಅಂಶದಲ್ಲಿರುವ ಬಾಕಿಗೆ ಅದೂ ಒಂದು ಕಾರಣವೆಂದು ನಾನು ನಂಬುತ್ತೇನೆ.

ಈ ಕ್ರಮಕ್ಕೂ ಮಿತಿಗಳಿವೆ. ಅಂಗಡಿಗಳಿಂದ ವಾಪಸು ಬರುವ ಮಾಲಿನ ಲೆಕ್ಕ 3ನೇ ತಾರೀಖಿನವರೆಗೂ ಸೇರುತ್ತಲೇ ಇರುತ್ತದೆ. ಅದಕ್ಕೂ ಮೊದಲೇ ಕಳುಹಿಸಿದರೆ ಇಮೇಲಿನ ಅಂಕಿಯೂ ಲಗತ್ತಿನ ಅಂಕಿಯೂ ಬೇರೆಯಾಗುತ್ತವೆ. ಆದ್ದರಿಂದ ನಾನು 4ರ ಬೆಳಿಗ್ಗೆ ಕಳುಹಿಸುತ್ತೇನೆ. ಮೂರು ಅಂಶಗಳು ಪ್ರತಿ ತಿಂಗಳೂ ಸಿಗುವುದಿಲ್ಲ ಎಂಬುದೂ ನಿಜ. ಸೆಪ್ಟೆಂಬರ್‌ನಲ್ಲಿ ಗಟ್ಟಿಯಾದವು ಎರಡೇ ಇದ್ದರೂ ಸಂಖ್ಯೆ ತುಂಬಿಸಲು, ಬೇಲೂರಿನಲ್ಲಿ ನಲವತ್ತು ಕೆಜಿ ಕುಸಿದದ್ದನ್ನು ಸೇರಿಸಿದೆ. ಒಬ್ಬ ಅಂಗಡಿಯವರು ಹತ್ತು ದಿನ ಊರಲ್ಲಿರಲಿಲ್ಲ ಎಂಬುದಷ್ಟೇ ಅದರ ಕಾರಣವಾಗಿತ್ತು, ಆದರೆ ಪಾಲುದಾರರೊಬ್ಬರು ಅದನ್ನು ವಿಚಾರಿಸಲು ಬೇಲೂರಿಗೇ ಹೋಗಿಬಂದರು. ಈಗ ಮೂರನೆಯದು ಸಿಗದಿದ್ದರೆ "ಉಳಿದ ಮಾರ್ಗಗಳಲ್ಲಿ ಗಮನಿಸಬೇಕಾದ ಬದಲಾವಣೆಯಿಲ್ಲ" ಎಂದೇ ಆ ಜಾಗದಲ್ಲಿ ಬರೆಯುತ್ತೇನೆ.