ಸಂವಿಧಾನದ ಗೈಡ್‌ಗಳ ಜೊತೆ ಮೂರು ವರ್ಷ: ‘ಪರಿಷ್ಕೃತ ಆವೃತ್ತಿ’ಯನ್ನು ನಂಬುವ ಮುಂಚೆ

ಎಫ್‌ಡಿಎ, ಪಿಡಿಒ ಪರೀಕ್ಷೆಗಳಿಗೆ ಓದಲು ಶುರುಮಾಡಿ ಮೂರು ವರ್ಷವಾಯಿತು. ಈ ಅವಧಿಯಲ್ಲಿ ಭಾರತ ಸಂವಿಧಾನದ ಮೇಲೆ ಕನ್ನಡದಲ್ಲಿ ಬಂದ ಮೂರು ಗೈಡ್‌ಗಳನ್ನು ಕೊಂಡು, ಮೂರನ್ನೂ ಮೊದಲ ಪುಟದಿಂದ ಕೊನೆಯವರೆಗೆ ಓದಿದ್ದೇನೆ. ಪ್ರಕಾಶಕರ ಹೆಸರು ಬರೆಯುವುದಿಲ್ಲ. ಅಂಗಡಿಯಲ್ಲಿ ನಿಂತು ನೀವೇ ಪರೀಕ್ಷಿಸಬಹುದಾದ ದಾರಿಯನ್ನು ಬರೆಯುತ್ತೇನೆ.

ಮೊದಲನೆಯದನ್ನು ಕೊಂಡಿದ್ದು ಧಾರವಾಡದ ಸಪ್ತಾಪುರದಲ್ಲಿ. ರಕ್ಷಾಪುಟದ ಮೇಲೆ ‘ಸಂಪೂರ್ಣ ಪರಿಷ್ಕೃತ ಆವೃತ್ತಿ’ ಎಂದು ದಪ್ಪ ಅಕ್ಷರದಲ್ಲಿತ್ತು. ಎರಡು ತಿಂಗಳು ಓದಿದ ಮೇಲೆ ಒಂದು ಅಣಕು ಪರೀಕ್ಷೆಯಲ್ಲಿ ಕರ್ನಾಟಕ ವಿಧಾನಸಭೆಯ ಸದಸ್ಯರೆಷ್ಟು ಎಂಬ ಪ್ರಶ್ನೆ ಬಂತು. ಪುಸ್ತಕದಲ್ಲಿ ಓದಿದಂತೆ 225 ಎಂದು ಗುರುತು ಹಾಕಿದೆ. ಸರಿಯುತ್ತರ 224. ಆ ಒಬ್ಬ ಸದಸ್ಯ ಎಲ್ಲಿ ಹೋದ ಎಂದು ಹುಡುಕಿದಾಗಲೇ ಆವೃತ್ತಿ ನೋಡುವುದು ಹೇಗೆಂದು ನನಗೆ ತಿಳಿದದ್ದು.

ಮೊದಲು ವಿಧಾನಸಭೆಗೆ ಒಬ್ಬ ಆಂಗ್ಲೋ ಇಂಡಿಯನ್ ಸದಸ್ಯರನ್ನು ರಾಜ್ಯಪಾಲರು ನಾಮಕರಣ ಮಾಡಬಹುದಿತ್ತು. ಲೋಕಸಭೆಗೆ ರಾಷ್ಟ್ರಪತಿ ಇಬ್ಬರನ್ನು ನಾಮಕರಣ ಮಾಡಬಹುದಿತ್ತು. 104ನೇ ತಿದ್ದುಪಡಿಯ ನಂತರ, 2020ರ ಜನವರಿ 25ಕ್ಕೆ ಆ ಅವಕಾಶ ಮುಗಿಯಿತು. ಹಾಗೆಂದು ಅದಕ್ಕೆ ಸಂಬಂಧಿಸಿದ 331 ಮತ್ತು 333ನೇ ವಿಧಿಗಳನ್ನು ಸಂವಿಧಾನದಿಂದ ತೆಗೆದುಹಾಕಿಲ್ಲ. ಬದಲಾದದ್ದು 334ನೇ ವಿಧಿ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೀಸಲು ಸ್ಥಾನಗಳ ಅವಧಿಯನ್ನು ಅದು 70ರಿಂದ 80 ವರ್ಷಕ್ಕೆ ವಿಸ್ತರಿಸಿತು. ಆಂಗ್ಲೋ ಇಂಡಿಯನ್ ನಾಮಕರಣಕ್ಕೆ 70 ವರ್ಷದ ಮಿತಿಯನ್ನೇ ಉಳಿಸಿತು. ಅವಧಿ ತೀರಿದ್ದರಿಂದ ಆ ಸ್ಥಾನ ನಿಂತುಹೋಯಿತು.

ಈಗ ಯಾವುದೇ ಗೈಡ್ ಕೈಗೆತ್ತಿಕೊಂಡರೂ ಮೊದಲು ಈ ಭಾಗವನ್ನೇ ತೆರೆಯುತ್ತೇನೆ. ನನ್ನ ಮೂರು ಪುಸ್ತಕಗಳು ಇಲ್ಲಿ ಮೂರು ರೀತಿ ನಡೆದುಕೊಂಡವು. ಮೊದಲನೆಯದು 225 ಎಂದೇ ಉಳಿಸಿಕೊಂಡಿತ್ತು. ಎರಡನೆಯದು 224 ಎಂದು ತಿದ್ದಿತ್ತು, ಆದರೆ ‘333ನೇ ವಿಧಿ ರದ್ದಾಗಿದೆ’ ಎಂದು ಬರೆದಿತ್ತು. ಅಂದರೆ ಸಂಖ್ಯೆಯನ್ನು ಎಲ್ಲಿಂದಲೋ ತಂದು ಹಾಕಿದ್ದಾರೆ, ಮೂಲವನ್ನು ತೆರೆದು ನೋಡಿಲ್ಲ. ಮೂರನೆಯದು 334ನೇ ವಿಧಿಯ ಅವಧಿಯನ್ನು ನಾಲ್ಕು ಸಾಲಿನಲ್ಲಿ ವಿವರಿಸಿತ್ತು. ಎರಡು ವರ್ಷದಿಂದ ನಾನು ಓದುತ್ತಿರುವುದು ಅದನ್ನೇ.

ಎರಡನೇ ಪುಸ್ತಕದಿಂದ ಇನ್ನೊಂದು ಪಾಠ ಕಲಿತೆ. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ಸಂಖ್ಯೆ 2019ರಲ್ಲಿ ಮುಖ್ಯ ನ್ಯಾಯಮೂರ್ತಿಯೂ ಸೇರಿ 31ರಿಂದ 34ಕ್ಕೆ ಏರಿತು. ಆ ಪುಸ್ತಕದ ಅಧ್ಯಾಯದೊಳಗೆ 34 ಎಂದೇ ಇತ್ತು. ಅದೇ ಅಧ್ಯಾಯದ ಕೊನೆಯ ಬಹು ಆಯ್ಕೆ ಪ್ರಶ್ನೆಗೆ ಕೀ ಉತ್ತರ ಮಾತ್ರ 31! ಪಾಠವನ್ನು ತಿದ್ದಿ ಪ್ರಶ್ನೆಗಳನ್ನು ಹಾಗೇ ಬಿಡುವುದು ತುಂಬಾ ಸಾಮಾನ್ಯ. ನಾವು ಪರೀಕ್ಷೆಯ ಹಿಂದಿನ ವಾರ ತಿರುವಿ ಹಾಕುವುದು ಆ ಪ್ರಶ್ನೆಗಳನ್ನೇ, ಆದ್ದರಿಂದ ನನಗೆ ಇದು ಅಚ್ಚಿನ ತಪ್ಪಿಗಿಂತ ದೊಡ್ಡ ಲೋಪವಾಗಿ ಕಾಣುತ್ತದೆ. ಪಾಠದಲ್ಲಿ ಒಂದು ಸಂಖ್ಯೆ, ಪ್ರಶ್ನೆಯಲ್ಲಿ ಇನ್ನೊಂದು ಇದ್ದರೆ ಆ ಪುಸ್ತಕವನ್ನು ಕೆಳಗಿಡಿ.

ಶೀರ್ಷಿಕೆ ಪುಟದ ಹಿಂಬದಿಯನ್ನೂ ಓದಿ. ಅಲ್ಲಿ ಬರೀ ‘ಮರುಮುದ್ರಣ’ ಎಂದಿದ್ದರೆ ಹಳೆಯದನ್ನೇ ಮತ್ತೆ ಅಚ್ಚು ಹಾಕಿದ್ದಾರೆ ಎಂದರ್ಥ, ವರ್ಷ ಹೊಸದಾದರೂ ಒಳಗಿನದು ಹಳೆಯದು. ಸಾಧ್ಯವಾದರೆ ಲೈಬ್ರರಿಯ ಹಳೆ ಪ್ರತಿಯ ಪರಿವಿಡಿಯನ್ನು ಫೋನಿನಲ್ಲಿ ತೆಗೆದುಕೊಂಡು ಹೋಗಿ ಹೊಸದರ ಜೊತೆ ಹೋಲಿಸಿ. ಅಧ್ಯಾಯಗಳ ಪುಟಸಂಖ್ಯೆ ಒಂದೂ ಬದಲಾಗದೆ, ಹೊಸ ತಿದ್ದುಪಡಿಗಳ ಕೆಲವು ಪುಟಗಳನ್ನು ಮುಂದೆ ಅಂಟಿಸಿದ್ದರೆ, ಒಳಗೆ ಯಾರೂ ಕೈಯಾಡಿಸಿಲ್ಲವೆಂದೇ ಅನುಮಾನಿಸಬೇಕು. ನನ್ನ ಮೊದಲ ಗೈಡ್ ಹಾಗೇ ಇತ್ತು.

ನಾನು ಓದುತ್ತಿರುವ ಮೂರನೇ ಪುಸ್ತಕದಲ್ಲೂ ಕೊರತೆಯಿದೆ. 2023ರ 106ನೇ ತಿದ್ದುಪಡಿ, ಅಂದರೆ ಮಹಿಳಾ ಮೀಸಲಾತಿ, ನನ್ನ ಪ್ರತಿಯಲ್ಲಿಲ್ಲ. ಹೊಸ ಆವೃತ್ತಿಗೆ ಮತ್ತೆ ದುಡ್ಡು ಕೊಡುವ ಬದಲು ಕೇಂದ್ರದ ಶಾಸಕಾಂಗ ಇಲಾಖೆಯ ವೆಬ್‌ಸೈಟಿನಿಂದ ಸಂವಿಧಾನದ ಪಿಡಿಎಫ್ ಇಳಿಸಿಕೊಂಡೆ. ಪ್ರತಿ ಬದಲಾವಣೆಗೂ ಅದರ ಅಡಿಟಿಪ್ಪಣಿಯಲ್ಲಿ ಯಾವ ತಿದ್ದುಪಡಿ, ಎಂದಿನಿಂದ ಜಾರಿ ಎಂಬುದಿರುತ್ತದೆ. ಅದನ್ನು ನೋಡಿ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದುಕೊಳ್ಳುತ್ತೇನೆ. ಇಂಗ್ಲಿಷ್ ಓದಲು ನಿಧಾನವಾಗುತ್ತದೆ, ನಿಜ. ಆದರೆ ಒಂದು ತಿದ್ದುಪಡಿಗೆ ಅರ್ಧ ಗಂಟೆ ಸಾಕು.

ರಾಜ್ಯದ ಅಂಕಿಅಂಶಗಳಿಗೆ ಮಾತ್ರ ಯಾವ ಗೈಡನ್ನೂ ನೆಚ್ಚಿಕೊಂಡಿಲ್ಲ. ಪ್ರತಿ ವರ್ಷ ಬರುವ ಕರ್ನಾಟಕ ಆರ್ಥಿಕ ಸಮೀಕ್ಷೆಯಿಂದಲೇ ಟಿಪ್ಪಣಿ ಮಾಡಿಕೊಳ್ಳುತ್ತೇನೆ. ಎರಡನೇ ಪುಸ್ತಕದಲ್ಲಿ ಜಿಲ್ಲೆಗಳು ಇನ್ನೂ 30 ಇದ್ದವು, 2021ರಲ್ಲಿ ರಚನೆಯಾದ ವಿಜಯನಗರದ ಹೆಸರೇ ಇರಲಿಲ್ಲ.