ಲ್ಯಾಬ್ ರಿಪೋರ್ಟಿನ ತೀರ್ಮಾನ ಅತಿಯಾಯ್ತಾ? ಎರಡು ದಾರಿ ನೋಡಿದ್ದೇನೆ

ರಿಪೋರ್ಟ್ ತಿದ್ದುವಾಗ ನಾನು ಎರಡು ರೀತಿ ನೋಡ್ತೇನೆ. ಒಂದು, ತೀರ್ಮಾನದ ಒಂದೊಂದು ವಾಕ್ಯ ಹಿಡಿದು ಅದಕ್ಕೆ ಆಧಾರ ಟೇಬಲ್‌ನಲ್ಲಿ ಎಲ್ಲಿದೆ ಅಂತ ಹುಡುಕೋದು. ಇನ್ನೊಂದು, ತೀರ್ಮಾನವನ್ನು ಮುಚ್ಚಿಟ್ಟು, ಬರೀ ಅಳತೆ ನೋಡಿ ನಾನೇ ತೀರ್ಮಾನ ಬರೆದು, ಆಮೇಲೆ ಎರಡನ್ನೂ ಪಕ್ಕಪಕ್ಕ ಇಡೋದು.

ಒಂದು ಲೋಲಕದ ರಿಪೋರ್ಟ್ ತಗೊಳ್ಳಿ. ದಾರದ ಉದ್ದ 1 ಮೀಟರ್, ಗುಂಡು ಒಂದೇ, 20 ಆಂದೋಲನಕ್ಕೆ ಸ್ಟಾಪ್‌ವಾಚ್ ಹಿಡಿದಿದ್ದಾರೆ. 5 ಡಿಗ್ರಿ ಕೋನದಿಂದ ಬಿಟ್ಟಾಗ 40.2 ಸೆಕೆಂಡ್, 10 ಡಿಗ್ರಿಯಿಂದ 40.3. ತೀರ್ಮಾನ ಹೀಗಿದೆ: 'ಲೋಲಕದ ಆವರ್ತ ಕಾಲ ಗುಂಡಿನ ತೂಕವನ್ನಾಗಲಿ ಕೋನವನ್ನಾಗಲಿ ಅವಲಂಬಿಸುವುದಿಲ್ಲ ಎಂದು ಸಾಬೀತಾಯಿತು.'

ಮೊದಲನೇ ದಾರಿ ತೂಕದ ಮಾತನ್ನು ತಕ್ಷಣ ಹಿಡಿಯುತ್ತೆ. ಇನ್ನೊಂದು ಗುಂಡನ್ನು ಕಟ್ಟಿಯೇ ಇಲ್ಲ, ಹಾಗಾಗಿ ಅದು ಪುಸ್ತಕದಿಂದ ಬಂದ ಮಾತು. ಮಾತು ಸರಿ ಇರಬಹುದು, ಆದ್ರೆ ಈ ಪ್ರಯೋಗ ಅದನ್ನು ತೋರಿಸಿಲ್ಲ. ಕೋನದ ಮಾತಿಗೆ ಬಂದಾಗ ಮಾತ್ರ ಈ ದಾರಿ ಎಡವುತ್ತೆ. ಟೇಬಲ್‌ನಲ್ಲಿ ಎರಡು ಕೋನ ಇವೆ, ಸಮಯ ಹೆಚ್ಚುಕಡಿಮೆ ಒಂದೇ, ಸರಿ ಅಂತ ಟಿಕ್ ಹಾಕಿ ಮುಂದೆ ಹೋಗ್ತೀವಿ.

ಮುಚ್ಚಿಟ್ಟು ನೋಡಿದರೆ ಪೆನ್ನು ಅಲ್ಲೇ ನಿಲ್ಲುತ್ತೆ. ಕೈಯಲ್ಲಿ ಸ್ಟಾಪ್‌ವಾಚ್ ಒತ್ತುವಾಗ 0.2 ಸೆಕೆಂಡ್ ಆಚೀಚೆ ಆಗೋದು ಮಾಮೂಲಿ, ಇಲ್ಲಿರೋ ವ್ಯತ್ಯಾಸ 0.1. ಅಂದ್ರೆ ನಾನು ಬರೆಯಬಹುದಾದದ್ದು ಇಷ್ಟೇ: '5ರಿಂದ 10 ಡಿಗ್ರಿಯೊಳಗೆ, ಈ ಗಡಿಯಾರಕ್ಕೆ ಕಾಣುವಷ್ಟು ವ್ಯತ್ಯಾಸ ಸಿಗಲಿಲ್ಲ.' ವ್ಯತ್ಯಾಸ 'ಕಾಣಲಿಲ್ಲ' ಅನ್ನೋದಕ್ಕೂ 'ಇಲ್ಲ' ಅನ್ನೋದಕ್ಕೂ ಅಜಗಜಾಂತರ, ಅಲ್ವಾ? ನಿಜ ಏನಂದ್ರೆ ಕೋನ ಹೆಚ್ಚಾದಷ್ಟೂ ಆವರ್ತ ಕಾಲ ಚೂರು ಹೆಚ್ಚುತ್ತೆ. ಸಣ್ಣ ಕೋನಗಳಿಗೆ ಹೆಚ್ಚಳದ ಪಾಲು ಕೋನದ (ರೇಡಿಯನ್‌ನಲ್ಲಿ) ವರ್ಗವನ್ನು 16ರಿಂದ ಭಾಗಿಸಿದಷ್ಟು. ಲೆಕ್ಕ ಹಾಕಿದರೆ 5ಕ್ಕೂ 10ಕ್ಕೂ ನಡುವೆ 20 ಆಂದೋಲನಕ್ಕೆ ಬರೋದು ಸುಮಾರು 0.06 ಸೆಕೆಂಡ್. ಕೈಯ ತಪ್ಪಿನೊಳಗೇ ಅದು ಮುಚ್ಚಿಹೋಗುತ್ತೆ. 60 ಡಿಗ್ರಿ ಆದ್ರೆ ಸುಮಾರು ಶೇಕಡ 7 ಹೆಚ್ಚು. ತೂಗಾಡುತ್ತಾ ಕೋನ ಕುಗ್ಗೋದರಿಂದ ಅಳತೆಯಲ್ಲಿ ಅಷ್ಟು ಪೂರ್ತಿ ಬರಲ್ಲ, ಆದ್ರೂ ಕೈಯಲ್ಲಿ ಒತ್ತೋ ಸ್ಟಾಪ್‌ವಾಚಿಗೇ ಸಿಗುತ್ತೆ.

ಮೂರನೇ ದಾರಿಯೂ ಚಾಲ್ತಿಯಲ್ಲಿದೆ: ಉದ್ದ ಮತ್ತು ಸಮಯದಿಂದ ಲೆಕ್ಕ ಹಾಕಿದಾಗ ಬಂದ ಗುರುತ್ವ ವೇಗೋತ್ಕರ್ಷವನ್ನು ಪುಸ್ತಕದ 9.8ರ ಜೊತೆ ಹೋಲಿಸೋದು. ಇಲ್ಲಿ 5 ಡಿಗ್ರಿಯ ಅಳತೆಯಿಂದ 9.77 ಬರುತ್ತೆ, ಚೆನ್ನಾಗೇ ಇದೆ. ಆದ್ರೆ ತೂಕ, ಕೋನದ ಮಾತುಗಳ ಬಗ್ಗೆ ಅದು ಏನೂ ಹೇಳಲ್ಲ. ಈ ಕೆಲಸಕ್ಕೆ ನಾನು ಅದನ್ನು ಬಳಸೋದೇ ಇಲ್ಲ.

ಮುಚ್ಚಿಟ್ಟು ನೋಡೋಕೆ ಟೈಮ್ ಜಾಸ್ತಿ ಬೇಕು. ಬರೀ ಸರಾಸರಿ ಕೊಟ್ಟು, ಒಂದೊಂದು ಅಳತೆಯನ್ನೂ ಬರೆಯದೆ ಬಿಟ್ಟಿರೋ ರಿಪೋರ್ಟಿಗೆ ಅದು ನಡೆಯೋದೂ ಇಲ್ಲ, ಏಕೆಂದರೆ ಅಳತೆ ಎಷ್ಟು ಚದುರಿದೆ ಅಂತಲೇ ಗೊತ್ತಾಗಲ್ಲ. ರಾಶಿ ರಿಪೋರ್ಟ್ ಇದ್ದಾಗ ನಾನು ಮೊದಲನೇ ದಾರಿ ಹಿಡಿದು, 'ಇಲ್ಲ', 'ಅವಲಂಬಿಸುವುದಿಲ್ಲ', 'ಸಾಬೀತಾಯಿತು' ಅಂತ ಇರೋ ವಾಕ್ಯಗಳಿಗೆ ಮಾತ್ರ ಎರಡನೆಯದನ್ನು ಮಾಡ್ತೇನೆ.