ದಡ್ಡನೆ ಬಡಿಯುವ ಸಾಫ್ಟ್‌ಕ್ಲೋಸ್ ಬಾಗಿಲು: ಸ್ಕ್ರೂ, ಪಿಸ್ಟನ್, ಹೊಸ ಹಿಂಜ್

ನಮ್ಮ ಅಡುಗೆಮನೆಯ ಮೇಲಿನ ಸಾಲಿನಲ್ಲಿ ಮೊದಲು ಕೈಕೊಟ್ಟದ್ದು ಒಲೆಯ ಮೇಲಿನ ಕಪಾಟು. 18 ಮಿ.ಮೀ. ಪ್ಲೈವುಡ್, ಮೇಲೆ ಸನ್‌ಮೈಕಾ, ಬಾಗಿಲಿಗೆ ಎರಡು ಸಾಫ್ಟ್‌ಕ್ಲೋಸ್ ಹಿಂಜ್. ಕಾರ್ಪೆಂಟರ್‌ಗಳು ಈ ಹಿಂಜನ್ನು 'ಹೈಡ್ರಾಲಿಕ್' ಅಂತಲೇ ಕರೆಯುತ್ತಾರೆ. ಮುಚ್ಚುವ ಕೊನೆಯ ಹಂತದಲ್ಲಿ ಸ್ಪ್ರಿಂಗ್ ಬಾಗಿಲನ್ನು ಒಳಗೆ ಎಳೆಯುತ್ತದೆ, ಎಣ್ಣೆ ತುಂಬಿದ ಪುಟ್ಟ ಡ್ಯಾಂಪರ್ ಆ ವೇಗವನ್ನು ತಡೆಯುತ್ತದೆ. ಡ್ಯಾಂಪರ್ ಸತ್ತರೂ ಸ್ಪ್ರಿಂಗ್ ಸಾಯುವುದಿಲ್ಲ. ಬಾಗಿಲು ದಡ್ಡನೆ ಬಡಿಯುವುದು ಅದಕ್ಕೇ.

ಇದಕ್ಕೆ ಮೂರು ದಾರಿ ಇವೆ, ಮೂರನ್ನೂ ಮಾಡಿ ನೋಡಿದೆ.

ಖರ್ಚಿಲ್ಲದ ದಾರಿ ಸ್ಕ್ರೂ ತಿರುಗಿಸುವುದು. ಹಿಂಜಿನ ತೋಳಿನಲ್ಲಿ ಬಾಗಿಲಿಗೆ ಹತ್ತಿರವಿರುವ ಸ್ಕ್ರೂ ಬಾಗಿಲನ್ನು ಎಡಬಲಕ್ಕೆ ಸರಿಸುತ್ತದೆ, ಹಿಂದಿನದು ಒಳಗೆ-ಹೊರಗೆ. ಹಿಂದಿನದನ್ನು ಅತಿಯಾಗಿ ಒಳಗೆ ಎಳೆದಿದ್ದರೆ ಬಾಗಿಲಿನ ಹಿಂಜ್ ಬದಿ ಮೊದಲೇ ಪೆಟ್ಟಿಗೆಗೆ ಒತ್ತಿಕೊಂಡು ಚಲನೆ ಎಡವಟ್ಟಾಗುತ್ತದೆ. ಅಲ್ಲಿ ಒಂದೆರಡು ಮಿ.ಮೀ. ಸಂದು ಬಿಡಬೇಕು. ಕೆಲವು ಹಿಂಜ್‌ಗಳ ಕಪ್‌ನಲ್ಲಿ, ಅಂದರೆ ಬಾಗಿಲಿನ ಹಲಗೆಯೊಳಗೆ ಹುದುಗಿರುವ ದುಂಡನೆಯ ಭಾಗದಲ್ಲಿ, ಡ್ಯಾಂಪರ್ ಆಫ್ ಮಾಡುವ ಪುಟ್ಟ ಗುಂಡಿಯೂ ಇರುತ್ತದೆ. ಒರೆಸುವಾಗ ಅದು ಸರಿದಿದೆಯೇ ನೋಡಿ, ಇಡೀ ರಿಪೇರಿ ಅಷ್ಟರಲ್ಲೇ ಮುಗಿದರೂ ಮುಗಿಯಿತು. ಆದರೆ ಯಾವ ಸ್ಕ್ರೂವೂ ಡ್ಯಾಂಪರ್‌ಗೆ ಎಣ್ಣೆ ತುಂಬಿಸುವುದಿಲ್ಲ. ನಮ್ಮ ಬಾಗಿಲು ಪಕ್ಕದ ಬಾಗಿಲಿಗೆ ಸಮನಾಗಿ ಚಂದ ಕೂತಿತು, ಸದ್ದು ಮಾತ್ರ ಹಾಗೇ ಉಳಿಯಿತು.

ಹಾಗಾದರೆ ಡ್ಯಾಂಪರ್ ಸತ್ತಿದೆ ಎಂದು ಖಚಿತ ಮಾಡಿಕೊಳ್ಳುವುದು ಹೇಗೆ? ತೋಳಿನ ಹಿಂತುದಿಯ ಕ್ಲಿಪ್ ಒತ್ತಿ ಬಾಗಿಲು ಬಿಚ್ಚಿ. ಕೆಳಗಿನ ಹಿಂಜ್ ಮೊದಲು, ಮೇಲಿನದು ಕೊನೆಗೆ, ಬಾಗಿಲನ್ನು ಇನ್ನೊಬ್ಬರು ಹಿಡಿದಿರಲಿ. ಆಮೇಲೆ ಪ್ರತಿ ಹಿಂಜನ್ನೂ ಕೈಯಿಂದ ಮಡಚಿ ನೋಡಿ. ಜೀವ ಇರುವುದು ಕೊನೆಗೆ ಬಿಗಿಯಾಗಿ ಎದುರೊತ್ತುತ್ತದೆ, ಸತ್ತದ್ದು ಪಟ್ಟನೆ ಮುಚ್ಚಿಕೊಂಡು ಬೆರಳು ಕಚ್ಚುತ್ತದೆ, ಜೋಪಾನ. ನಮ್ಮಲ್ಲಿ ಮೇಲಿನದು ಪೂರ್ತಿ ಸತ್ತಿತ್ತು, ಕಪ್‌ನ ಅಂಚಿನಲ್ಲಿ ಜಿಡ್ಡಿನ ಕಲೆ. ಒಗ್ಗರಣೆ ಜಿಡ್ಡು ಇರಬಹುದೇ ಎಂದು ಒರೆಸಿ ಬಿಟ್ಟೆ, ಮತ್ತೆ ಅಲ್ಲೇ ಒಸರಿತು. ಸೀಲ್ ಹೋಗಿತ್ತು.

ಎರಡನೆಯ ದಾರಿ ಬೇರೆಯೇ ಒಂದು ಪಿಸ್ಟನ್ ಹಾಕುವುದು. ಪೆನ್ನಿನ ಮುಚ್ಚಳದಷ್ಟಿರುವ ಇದನ್ನು ಪೆಟ್ಟಿಗೆಯ ಒಳಮೇಲ್ಭಾಗದಲ್ಲಿ ಕೂರಿಸಿದರೆ ಬಾಗಿಲು ಅದರ ತುದಿಗೆ ತಾಗಿ ನಿಧಾನವಾಗುತ್ತದೆ. ಎಲ್ಲಿ ಕೂರಿಸುತ್ತೀರಿ ಅನ್ನುವುದೇ ಮುಖ್ಯ. ಹಿಡಿಕೆಯ ಬದಿಯಲ್ಲಿಟ್ಟಾಗ ಅದರ ತಡೆ ಸ್ಪ್ರಿಂಗ್‌ಗೂ ಮಿಗಿಲಾಗಿ, ಬಾಗಿಲು ಬೆರಳಗಲ ತೆರೆದೇ ನಿಂತಿತು. ಹಿಂಜ್ ಕಡೆಗೆ ಸರಿಸಿದ ಮೇಲೆ ಪೂರ್ತಿ ಮುಚ್ಚಿತು, ಸದ್ದೂ ಇಲ್ಲ. ಒಲೆಯ ಮೇಲೆ ಅಂಟಿನ ಪಟ್ಟಿಯ ಮಾದರಿ ನಿಲ್ಲಲಿಲ್ಲ, ಬಿಸಿ ಮತ್ತು ಹಬೆಗೆ ಜಾರಿಬಿಟ್ಟಿತು. ಸ್ಕ್ರೂ ಹಾಕುವ ಮಾದರಿಯನ್ನೇ ಕೊಳ್ಳಿ. ಸಾದಾ ಸ್ಪ್ರಿಂಗ್ ಹಿಂಜ್ ಇರುವ ಬೀರುಗಳಿಗೆ ನನ್ನ ಮತ ಇದಕ್ಕೇ.

ಒಲೆಯ ಮೇಲಿನ ಬಾಗಿಲಿಗೆ ಕೊನೆಗೆ ಹಿಂಜನ್ನೇ ಬದಲಿಸಿದೆ. ಇದು ಮೂರರಲ್ಲೂ ದುಬಾರಿ, ಆದರೆ ಕೈಗೆ ಸಿಗುವ ಫಲಿತಾಂಶ ಹೊಸ ಬಾಗಿಲಿನದೇ. ಹಳೆಯದನ್ನು ಬಿಚ್ಚಿ ಅಂಗಡಿಗೆ ಒಯ್ಯುವುದು ಒಳ್ಳೆಯದು. ಕಪ್ ಸಾಮಾನ್ಯವಾಗಿ 35 ಮಿ.ಮೀ. ಇರುತ್ತದೆ, ಅದು ಹೊಂದುತ್ತದೆ. ತಪ್ಪುವುದು ಕ್ರ್ಯಾಂಕ್‌ನಲ್ಲಿ, ಅಂದರೆ ತೋಳಿನ ಬಾಗಿನಲ್ಲಿ. ಬಾಗಿಲು ಪಕ್ಕದ ಹಲಗೆಯನ್ನು ಪೂರ್ತಿ ಮುಚ್ಚಿದರೆ ನೇರ ತೋಳಿನ ಜೀರೋ ಕ್ರ್ಯಾಂಕ್. ಒಂದೇ ಹಲಗೆಯನ್ನು ಎರಡು ಬಾಗಿಲು ಹಂಚಿಕೊಂಡಿದ್ದರೆ ಎಂಟರದ್ದು. ಬಾಗಿಲು ಪೆಟ್ಟಿಗೆಯ ಒಳಗೇ ಕೂರುವುದಾದರೆ ಹದಿನಾರರದ್ದು. ಅಂಗಡಿಯವರು ಕೇಳುವ ಮೊದಲ ಪ್ರಶ್ನೆಯೇ ಇದು. ಕಪ್‌ನ ಎರಡು ಸ್ಕ್ರೂ ತೂತುಗಳ ಅಂತರವೂ ಕಂಪನಿಯಿಂದ ಕಂಪನಿಗೆ ಬೇರೆ. ಹೊಸ ಹಿಂಜ್ ಪೆಟ್ಟಿಗೆಯ ಹಲಗೆಗೆ ಕೂರಿಸಿರುವ ಹಳೆಯ ಪ್ಲೇಟಿನ ಮೇಲೆ ಕಚ್ಚಿಕೊಳ್ಳುತ್ತದೆಂಬ ಭರವಸೆ ಬೇಡ, ಪ್ಲೇಟ್ ಸಮೇತ ತನ್ನಿ.

ಒಂದನ್ನೇ ಬದಲಿಸಿದರೆ ಸಾಕೇ ಎಂದು ಅಂಗಡಿಯವರನ್ನು ಕೇಳಿದೆ. "ಚಿಕ್ಕ ಬಾಗಿಲು ತಾನೇ ಸಾರ್, ಒಂದು ಹಾಕಿ ನೋಡಿ, ಇನ್ನೊಂದನ್ನ ವಾಪಸ್ ತಗೋತೀನಿ" ಅಂದರು. ಮೇಲಿನದನ್ನಷ್ಟೇ ಹಾಕಿದಾಗ ಬಡಿತ ನಿಂತಿತು, ಆದರೂ ಜೋರಾಗಿ ತಳ್ಳಿದರೆ ಕೊನೆಗೆ 'ಟಕ್' ಅನ್ನುತ್ತಿತ್ತು. ಎರಡನ್ನೂ ಬದಲಿಸಿದ ಮೇಲೆ ಅದೂ ಇಲ್ಲ. ತೀರಾ ಹಗುರ ಬಾಗಿಲಿಗೆ ಎರಡು ಡ್ಯಾಂಪರ್ ಹೆಚ್ಚಾಗಿ, ಅದು ಮುಚ್ಚಲು ಎಳೆದಾಡುವುದೂ ಉಂಟು. ಆಗ ಆಫ್ ಗುಂಡಿ ಇರುವ ಹಿಂಜ್ ಕೆಲಸಕ್ಕೆ ಬರುತ್ತದೆ.

ಸಿಂಕ್ ಕೆಳಗಿನ ಕಪಾಟಿನಲ್ಲಿ ಮಾತ್ರ ಈ ತೀರ್ಪು ತಿರುಗುಮುರುಗು. ನೀರು ಕುಡಿದು ಉಬ್ಬಿದ ಹಲಗೆಯಲ್ಲಿ ಹೊಸ ಪ್ಲೇಟಿನ ಸ್ಕ್ರೂ ಸುಮ್ಮನೆ ಸುತ್ತುತ್ತದೆ. ಅಂಟು ಸವರಿದ ಬಿದಿರು ಕಡ್ಡಿ ತುರುಕಿ, ಒಣಗಿಸಿ ಹಿಡಿತ ಬಂದರೆ ಸರಿ. ಬಾರದಿದ್ದರೆ ಹಳೆಯ ಹಿಂಜನ್ನು ಅಲುಗಿಸಬೇಡಿ, ಗಟ್ಟಿಯಿರುವ ಜಾಗ ಹುಡುಕಿ ಪಿಸ್ಟನ್ ಹಾಕಿಬಿಡಿ.